ನೆಪದ ಷೇರುದಾರರಿಲ್ಲದ ಕಂಪನಿ: ಏಕವ್ಯಕ್ತಿ ಕಂಪನಿಯ ಅನುಕೂಲ ಮತ್ತು ಮಿತಿ

1892ರಲ್ಲಿ ಲಂಡನ್ನಿನ ಚರ್ಮದ ಬೂಟು ತಯಾರಕ ಆರನ್ ಸಾಲೊಮನ್ ತನ್ನ ವ್ಯಾಪಾರವನ್ನು ಕಂಪನಿಯಾಗಿಸಿದಾಗ ಕಾನೂನಿಗೆ ಏಳು ಸದಸ್ಯರು ಬೇಕಿದ್ದರು. ಹೆಂಡತಿಗೆ ಒಂದು, ಐವರು ಮಕ್ಕಳಿಗೆ ಒಂದೊಂದು ಷೇರು ಕೊಟ್ಟು ಅವನು ಲೆಕ್ಕ ತುಂಬಿಸಿದ. ಕಂಪನಿ ಮುಳುಗಿತು. ಅದರ ಸಾಲ ಸಾಲೊಮನ್‌ನ ಸಾಲವಲ್ಲ ಎಂದು 1896ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು.

ಇಂಥದೇ ನೆಪ ಭಾರತದಲ್ಲೂ ಬಹುಕಾಲ ನಡೆಯಿತು. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಇಬ್ಬರು ಸದಸ್ಯರು ಬೇಕಾದ್ದರಿಂದ ಒಬ್ಬಂಟಿ ಉದ್ಯಮಿ ಮನೆಯವರ ಹೆಸರಿಗೆ ಒಂದು ಷೇರು ಬರೆದುಕೊಡುತ್ತಿದ್ದ. 2005ರಲ್ಲಿ ಜೆ.ಜೆ. ಇರಾನಿ ಸಮಿತಿ ಏಕವ್ಯಕ್ತಿ ಕಂಪನಿಗೆ ಶಿಫಾರಸು ಮಾಡಿತು. 2013ರ ಕಂಪನಿ ಕಾಯ್ದೆ ಅದಕ್ಕೆ ಜಾಗ ಕೊಟ್ಟಿತು. ಈಗ ಎರಡನೆಯವರು ಬೇಕಿರುವುದು ನಾಮಿನಿಯಾಗಿ ಮಾತ್ರ. ಮಾಲೀಕರು ತೀರಿಕೊಂಡರೆ ಅಥವಾ ಒಪ್ಪಂದ ಮಾಡಿಕೊಳ್ಳಲಾಗದ ಸ್ಥಿತಿಗೆ ಬಂದರೆ ಸದಸ್ಯತ್ವ ನಾಮಿನಿಗೆ ಹೋಗುತ್ತದೆ, ಕಂಪನಿ ಉಳಿಯುತ್ತದೆ.

ಮೈಸೂರಿನ ಒಬ್ಬ ಒಳಾಂಗಣ ವಿನ್ಯಾಸಕಿಯನ್ನು ಊಹಿಸಿಕೊಳ್ಳೋಣ. ಗ್ರಾಹಕರೊಬ್ಬರು ಹಣ ಕೊಡದೆ ಕೈಕೊಟ್ಟಿದ್ದಾರೆ; ಮರ, ಗಾಜು ಪೂರೈಸಿದವರಿಗೆ 12 ಲಕ್ಷ ಬಾಕಿಯಿದೆ; ಕಂಪನಿಯಲ್ಲಿರುವುದು 3 ಲಕ್ಷ. ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದರೆ ಉಳಿದ 9 ಲಕ್ಷಕ್ಕೆ ಅವರ ಮನೆ, ನಿವೇಶನಗಳೂ ಹೊಣೆ. ಏಕವ್ಯಕ್ತಿ ಕಂಪನಿಯಾದರೆ ಹೊಣೆ ಷೇರು ಬಂಡವಾಳಕ್ಕೆ ನಿಲ್ಲುತ್ತದೆ. ವಾರ್ಷಿಕ ಮಹಾಸಭೆ ಕರೆಯುವ ಕೆಲಸವೂ ಇಲ್ಲ: ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ದಿನಾಂಕ ಹಾಕಿದರೆ ಸಾಕು. ಆದರೆ ವ್ಯಾಪಾರ ಎಷ್ಟೇ ಚಿಕ್ಕದಿರಲಿ, ಲೆಕ್ಕಪರಿಶೋಧನೆ ಪ್ರತಿ ವರ್ಷ ಕಡ್ಡಾಯ.

ಈ ರಕ್ಷಣೆ ನಿಂತಿರುವುದು ಮಾಲೀಕಿಯ ಶಿಸ್ತಿನ ಮೇಲೆ. ಇಲ್ಲಿ ಕೇಳುವ ಇನ್ನೊಬ್ಬ ಷೇರುದಾರರಿಲ್ಲ. ವಿನ್ಯಾಸಕಿ ತಮ್ಮದೇ ಮಳಿಗೆಯನ್ನು ಕಂಪನಿಗೆ ಬಾಡಿಗೆಗೆ ಕೊಟ್ಟರೆ, ಒಪ್ಪಂದದ ಎರಡೂ ಕಡೆ ಅವರೇ. ಹಾಗಾಗಿ ಕಾಯ್ದೆಯ 193ನೇ ಕಲಂ ದಿನನಿತ್ಯದ ವ್ಯವಹಾರಕ್ಕೆ ಸೇರದ ಇಂಥ ಒಪ್ಪಂದಗಳು ಲಿಖಿತವಾಗಿರಬೇಕು, ಇಲ್ಲವೇ ಅವುಗಳ ಷರತ್ತುಗಳು ನಡಾವಳಿಯಲ್ಲಿ ದಾಖಲಾಗಬೇಕು ಎನ್ನುತ್ತದೆ. ಒಪ್ಪಿಗೆಯಾದ 15 ದಿನಗಳಲ್ಲಿ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ಮನೆಯ ಕರೆಂಟ್ ಬಿಲ್, ಮಗನ ಶಾಲಾ ಶುಲ್ಕ ಕಂಪನಿಯ ಖಾತೆಯಿಂದ ಹೋಗತೊಡಗಿದರೆ ಕಂಪನಿ ಬೇರೆ, ಒಡತಿ ಬೇರೆ ಎಂಬ ವಾದ ಸಡಿಲವಾಗತೊಡಗಿದೆ ಎಂದು ತಿಳಿಯಬಹುದು.

ಕಂಪನಿ ಮತ್ತು ಒಡತಿಯ ನಡುವಿನ ಗೋಡೆಯನ್ನು ಬ್ಯಾಂಕ್ ಇನ್ನೂ ಸುಲಭವಾಗಿ ದಾಟುತ್ತದೆ. ಸಾಲ ಕೊಡುವಾಗ ಅದು ವೈಯಕ್ತಿಕ ಜಾಮೀನು ಕೇಳುವುದು ಸಾಮಾನ್ಯ. ವಿನ್ಯಾಸಕಿ ಸಹಿ ಹಾಕಿದರೆ ಆ ಸಾಲದ ಮಟ್ಟಿಗೆ ಸೀಮಿತ ಹೊಣೆ ಹೆಸರಿಗಷ್ಟೇ ಉಳಿಯುತ್ತದೆ.

ಮೊದಲು ಕಂಪನಿ ಬೆಳೆಯುವುದಕ್ಕೂ ಮಿತಿಯಿತ್ತು. ಪಾವತಿಯಾದ ಬಂಡವಾಳ 50 ಲಕ್ಷ ಅಥವಾ ಸರಾಸರಿ ವಹಿವಾಟು 2 ಕೋಟಿ ದಾಟಿದರೆ ರೂಪ ಬದಲಿಸಲೇಬೇಕಿತ್ತು. 2021ರ ಏಪ್ರಿಲ್ 1ರಿಂದ ಆ ಕಟ್ಟುಪಾಡು ಹೋಗಿದೆ. ಅನಿವಾಸಿ ಭಾರತೀಯರಿಗೂ ಬಾಗಿಲು ತೆರೆದಿದೆ.

ಉಳಿದಿರುವ ದೊಡ್ಡ ಮಿತಿ ಅದರ ಹೆಸರಿನಲ್ಲೇ ಇದೆ. ಹೂಡಿಕೆದಾರರೊಬ್ಬರು 10% ಷೇರು ಕೇಳಿದರೂ, ನೆಚ್ಚಿನ ಬಡಗಿಗೆ ವಿನ್ಯಾಸಕಿ ಪಾಲು ಕೊಡಬಯಸಿದರೂ ಈ ರೂಪದಲ್ಲಿ ಸಾಧ್ಯವಿಲ್ಲ. ಆಗ ಕನಿಷ್ಠ ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರನ್ನು ಸೇರಿಸಿ, ನಿಯಮಾವಳಿ ತಿದ್ದಿ, INC-6 ಅರ್ಜಿ ಸಲ್ಲಿಸಿ ಪ್ರೈವೇಟ್ ಲಿಮಿಟೆಡ್ ಆಗಬೇಕು. ಹಳೆಯ ಸಾಲ, ಒಪ್ಪಂದಗಳು ಅಳಿಯುವುದಿಲ್ಲ. ಹೊಸ ರೂಪದ ಕಂಪನಿಯ ಜೊತೆಗೇ ಮುಂದುವರಿಯುತ್ತವೆ. ಆರು ತಿಂಗಳೊಳಗೆ ಹೂಡಿಕೆ ತರುವ ಯೋಚನೆಯಿರುವವರು ಮೊದಲೇ ಪ್ರೈವೇಟ್ ಲಿಮಿಟೆಡ್ ನೋಂದಾಯಿಸುವುದು ಲೇಸು. ಏಕವ್ಯಕ್ತಿ ಕಂಪನಿ ಒಪ್ಪುವುದು ತಮ್ಮ ಗಳಿಕೆಯಲ್ಲೇ ವರ್ಷಗಟ್ಟಲೆ ವ್ಯಾಪಾರ ನಡೆಸಬಲ್ಲವರಿಗೆ.