ಬಾಗಿಲು ಯಾರ ಹಿಡಿತದಲ್ಲಿದೆ?

ಮಳಿಗೆಯನ್ನೋ ಮನೆಯನ್ನೋ ಬಾಡಿಗೆಗೆ ಕೊಡುವಾಗ ಕರಾರಿನ ನೆತ್ತಿಯ ಮೇಲೆ ‘ಲೈಸೆನ್ಸ್’ ಎಂದು ಬರೆಸುವ ಮಾಲೀಕರಿದ್ದಾರೆ. ಅದಕ್ಕೆ ಕಾರಣವಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಕಲಮಿನ ಪ್ರಕಾರ ಗುತ್ತಿಗೆ ಎಂದರೆ ಸ್ಥಿರಾಸ್ತಿಯನ್ನು ಅನುಭೋಗಿಸುವ ಹಕ್ಕಿನ ವರ್ಗಾವಣೆ. ನಾವು ತಿಂಗಳ ಬಾಡಿಗೆ ಎನ್ನುವುದೂ ಇದರಲ್ಲಿ ಸೇರುತ್ತದೆ. ಅದೇ ವರ್ಷದ ಈಸ್‌ಮೆಂಟ್ ಕಾಯ್ದೆಯ 52ನೇ ಕಲಮಿನ ಲೈಸೆನ್ಸ್ ಬರೀ ಅನುಮತಿ. ಕಟ್ಟಡ ಮಾರಾಟವಾದರೂ ಗುತ್ತಿಗೆದಾರನ ಹಕ್ಕು ಉಳಿಯುತ್ತದೆ. ಅನುಮತಿ ಪಡೆದವನಿಗೆ ಹೊಸ ಮಾಲೀಕ ಬದ್ಧನಲ್ಲ. ಬಾಡಿಗೆ ನಿಯಂತ್ರಣ ಕಾಯ್ದೆಗಳ ರಕ್ಷಣೆ ಬಾಡಿಗೆದಾರನಿಗೆ ಮಾತ್ರ ದೊರೆತದ್ದರಿಂದ, ಹೆಸರು ಬದಲಿಸುವ ಆಸೆ ಬಲವಾಯಿತು.

ಗುತ್ತಿಗೆಯೋ ಲೈಸೆನ್ಸೋ ಎಂಬ ಪ್ರಶ್ನೆಗೆ ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಉತ್ತರ ಸುಲಭವಿತ್ತು: ಜಾಗದ ಅನನ್ಯ ಸ್ವಾಧೀನ, ಅಂದರೆ ಮಾಲೀಕನನ್ನೂ ಹೊರಗಿಡಬಲ್ಲ ಹಿಡಿತ, ಯಾರಿಗಿದೆಯೋ ಅವನೇ ಬಾಡಿಗೆದಾರ. 1952ರ ಎರಿಂಗ್ಟನ್ ಪ್ರಕರಣ ಅದನ್ನು ಸಡಿಲಿಸಿತು. ತಂದೆ ಸಾಲ ಮಾಡಿ ಕೊಂಡ ಮನೆಯಲ್ಲಿ ಮಗ ಮತ್ತು ಸೊಸೆ ಕಂತು ಕಟ್ಟುತ್ತಾ ಬಾಳುತ್ತಿದ್ದರು. ಮನೆ ಪೂರ್ತಿ ಅವರ ಹಿಡಿತದಲ್ಲೇ ಇದ್ದರೂ, ಇದು ಕುಟುಂಬದೊಳಗಿನ ಏರ್ಪಾಡು, ಗುತ್ತಿಗೆಯಲ್ಲ ಎಂದರು ನ್ಯಾಯಮೂರ್ತಿ ಡೆನಿಂಗ್. ಅಲ್ಲಿಂದ ಉಭಯಪಕ್ಷಗಳ ‘ಉದ್ದೇಶ’ ಮುನ್ನೆಲೆಗೆ ಬಂತು.

ಆ ಚಿಂತನೆ 1959ರಲ್ಲಿ ನಮ್ಮ ಸುಪ್ರೀಂ ಕೋರ್ಟನ್ನು ತಲುಪಿತು. ದೆಹಲಿಯ ಇಂಪೀರಿಯಲ್ ಹೋಟೆಲಿನ ಕೋಣೆಗಳಲ್ಲಿ ಕೇಶಾಲಂಕಾರದ ವ್ಯವಹಾರ ನಡೆಸಲು ಒಬ್ಬರಿಗೆ ವರ್ಷಕ್ಕೆ 9,600 ರೂಪಾಯಿಗೆ ಜಾಗ ಕೊಡಲಾಗಿತ್ತು. ಪತ್ರದ ಹೆಸರು ಲೈಸೆನ್ಸ್. ನ್ಯಾಯಮೂರ್ತಿ ಸುಬ್ಬರಾವ್ ಹೆಸರನ್ನು ಬದಿಗಿಟ್ಟು ತಿರುಳನ್ನು ನೋಡಿದರು: ಅನನ್ಯ ಸ್ವಾಧೀನವಿದ್ದರೆ ಮೇಲ್ನೋಟಕ್ಕೆ ಅದು ಗುತ್ತಿಗೆ; ಸಂದರ್ಭಗಳು ಬೇರೆ ಹೇಳಿದರೆ ಮಾತ್ರ ಅಲ್ಲ. ಇಲ್ಲಿ ಗುತ್ತಿಗೆಯೇ ಎಂದು ಅವರು ತೀರ್ಮಾನಿಸಿದರು. ಆದರೂ ವ್ಯಾಪಾರಿ ಸೋತ. ಆಗಿನ ಬಾಡಿಗೆ ಕಾಯ್ದೆ ಹೋಟೆಲ್ ಕೋಣೆಗಳನ್ನು ಹೊರಗಿಟ್ಟಿತ್ತು, ಈ ಕೋಣೆಗಳೂ ಅದರಲ್ಲಿ ಸೇರುತ್ತವೆ ಎಂಬುದು ಬಹುಮತವಾಯಿತು. ಗುತ್ತಿಗೆ ಎಂದು ಸಾಬೀತಾದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ ಎಂಬುದನ್ನು ಈ ತೀರ್ಪು ಓದುವವರು ಮರೆಯಬಾರದು.

ಇಂಗ್ಲೆಂಡಿನಲ್ಲಿ 1985ರ ಸ್ಟ್ರೀಟ್ ವಿರುದ್ಧ ಮೌಂಟ್‌ಫರ್ಡ್ ಪ್ರಕರಣ ಚಕ್ರವನ್ನು ಮರಳಿ ತಿರುಗಿಸಿತು. ವಾರಕ್ಕೆ 37 ಪೌಂಡಿಗೆ ಕೋಣೆ ಪಡೆದ ಮಹಿಳೆ, ತನಗೆ ಬಾಡಿಗೆ ಕಾಯ್ದೆಯ ರಕ್ಷಣೆ ಸಿಗದು ಎಂಬ ಹೇಳಿಕೆಗೂ ಸಹಿ ಹಾಕಿದ್ದಳು. ಲಾರ್ಡ್ ಟೆಂಪಲ್‌ಮನ್ ಅದನ್ನು ಲೆಕ್ಕಿಸಲಿಲ್ಲ. ವಾಸಕ್ಕೆ ಅನನ್ಯ ಸ್ವಾಧೀನ, ಅವಧಿ, ಬಾಡಿಗೆ ಇದ್ದರೆ ಸಾಮಾನ್ಯವಾಗಿ ಅದು ಗುತ್ತಿಗೆಯೇ ಎಂದರು. ಮಾಲೀಕರಿಗೆ ಇನ್ನೊಂದು ದಾರಿಯೂ ಇತ್ತು: ‘ನಾನೂ ಬಂದು ಇರಬಹುದು, ಇನ್ನೊಬ್ಬರನ್ನೂ ಕೂಡಿಸಬಹುದು’ ಎಂಬ ಷರತ್ತು. ಜೋಡಿಯೊಂದು ವಾಸಿಸುತ್ತಿದ್ದ ಪುಟ್ಟ ಫ್ಲಾಟಿನ ಆಂಟೊನಿಯಾಡಿಸ್ ಪ್ರಕರಣದಲ್ಲಿ, 1988ರಲ್ಲಿ, ಇಂಥ ಷರತ್ತು ಬರೀ ನಟನೆ ಎಂದು ನ್ಯಾಯಾಧೀಶರು ತಳ್ಳಿಹಾಕಿದರು.

ಹಾಗೆಂದು ಕೈಯಲ್ಲಿ ಕೀಲಿ ಇದ್ದವರೆಲ್ಲ ಬಾಡಿಗೆದಾರರಲ್ಲ. ಮಾಲೀಕನ ಆಳು ದಿನವೂ ಒಳಬಂದು ಗುಡಿಸಿ, ಹಾಸಿಗೆ ಸರಿಪಡಿಸುವ ಲಾಡ್ಜಿನವನು ಆ ಕೋಣೆಯನ್ನು ತನ್ನದೆನ್ನಲಾರ. ಭಾರತದ ನ್ಯಾಯಾಲಯಗಳು ಇಂದಿಗೂ ಉದ್ದೇಶವನ್ನೂ ಸ್ವಾಧೀನವನ್ನೂ ಒಟ್ಟಿಗೆ ತೂಗುತ್ತವೆ. ಹೀಗಾಗಿ ವ್ಯಾಜ್ಯ ಬಂದಾಗ ಪತ್ರದ ಶೀರ್ಷಿಕೆಗಿಂತ ಮೊದಲು ಕೇಳಬೇಕಾದ್ದು ಇದು: ಮಾಲೀಕ ಬಂದು ಕದ ತಟ್ಟಿದರೆ, ಒಳಗಿದ್ದವರು ಈಗ ಬೇಡ ಎನ್ನಬಹುದೇ?