ಇಪ್ಪತ್ತರ ಜಾಗದಲ್ಲಿ ಮೂರು ಲೆಕ್ಕ: ನಾಲ್ಕನೇ ತರಗತಿಯ ಹೋಂವರ್ಕ್ ಕುರಿತು ಮುಖ್ಯ ಶಿಕ್ಷಕರಿಗೆ ಒಂದು ಟಿಪ್ಪಣಿ



ನಾಲ್ಕನೇ ತರಗತಿಯ ಮಕ್ಕಳಿಗೆ ಕೊಡುತ್ತಿರುವ ಗಣಿತದ ಹೋಂವರ್ಕಿನ ಸ್ವರೂಪ ಬದಲಿಸಲು ತಮ್ಮ ಅನುಮತಿ ಕೋರಿ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಹೋಂವರ್ಕೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಒಂದೇ ಬಗೆಯ ಇಪ್ಪತ್ತು ಲೆಕ್ಕ ಮಾಡಿ ತರುವ ಈಗಿನ ರೂಢಿಯಲ್ಲಿ ಮಗುವಿಗೆ ಎಲ್ಲಿ ತೊಡಕಾಗುತ್ತಿದೆ ಎಂಬುದು ಮಗುವಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ನನ್ನ ತಕರಾರು ಇಷ್ಟೇ. ಅದನ್ನು ತೋರಿಸಲು ಒಂದು ಕಳೆಯುವ ಲೆಕ್ಕ ಸಾಕು.

503ರಲ್ಲಿ 267 ಕಳೆದರೆ 236. ಇದಕ್ಕೆ ಮಕ್ಕಳು ಬರೆಯುವ ತಪ್ಪು ಉತ್ತರಗಳಲ್ಲಿ ಮೂರು ಗಮನಿಸತಕ್ಕವು. ಒಂದು ಮಗು 364 ಎಂದು ಬರೆಯುತ್ತದೆ. ಅದು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ನೋಡಿಯೇ ಇಲ್ಲ. ಇನ್ನೊಂದು 336 ಎನ್ನುತ್ತದೆ. ಇದಕ್ಕೆ ಸಾಲ ತೆಗೆದುಕೊಳ್ಳುವುದು ಗೊತ್ತು, ಹತ್ತರ ಸ್ಥಾನದ ಸೊನ್ನೆ 9 ಆಗುತ್ತದೆ ಎಂಬುದೂ ಗೊತ್ತು. ಆದರೆ ಆ ಹತ್ತು ನೂರರ ಮನೆಯಿಂದ ಬಂತೆಂಬುದನ್ನು ಮರೆತು 5ನ್ನು 5 ಆಗಿಯೇ ಉಳಿಸಿದೆ. ಮೂರನೆಯ ಮಗುವಿನ ಉತ್ತರ 146. ಅದು ಸೊನ್ನೆಯನ್ನು ದಾಟಿ ನೇರವಾಗಿ ನೂರರಿಂದ ಬಿಡಿಗೆ ಸಾಲ ತಂದಿದೆ, ಹತ್ತರ ಸ್ಥಾನ ಬಂದಾಗ ನೂರರ ಬಳಿ ಮತ್ತೊಮ್ಮೆ ಕೈಚಾಚಿದೆ. ಕೆಂಪು ಶಾಯಿಯಲ್ಲಿ ಮೂರಕ್ಕೂ ಒಂದೇ ಇಂಟು ಗುರುತು ಬೀಳುತ್ತದೆ. ಕಲಿಸುವವರಿಗೆ ಮಾತ್ರ ಇವು ಮೂರು ಬೇರೆ ಬೇರೆ ಸಮಸ್ಯೆಗಳು.

ಇಂಥ ತಪ್ಪುಗಳ ಹಿಂದೆ ಅಜಾಗರೂಕತೆಗಿಂತ ಹೆಚ್ಚಾಗಿ ಮಗು ನಿಷ್ಠೆಯಿಂದ ಪಾಲಿಸುವ ಒಂದು ತಪ್ಪು ನಿಯಮ ಇರುತ್ತದೆ ಎಂದು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದ್ದಾರೆ. ನಿಯಮ ತಪ್ಪಾಗಿದ್ದರೆ ಇಪ್ಪತ್ತು ಲೆಕ್ಕ ಮಾಡಿಸುವುದೆಂದರೆ ಆ ತಪ್ಪನ್ನು ಇಪ್ಪತ್ತು ಸಲ ಗಟ್ಟಿ ಮಾಡಿಸಿದಂತೆ. ಇನ್ನೊಂದು ಅಪಾಯವೂ ಇದೆ. ಕೊಟ್ಟ ಲೆಕ್ಕಗಳೆಲ್ಲ 586ರಲ್ಲಿ 243 ಕಳೆಯುವಂಥವಾಗಿದ್ದರೆ ಮೇಲಿನ ಮೂರೂ ಮಕ್ಕಳು ಇಪ್ಪತ್ತಕ್ಕೆ ಇಪ್ಪತ್ತು ಪಡೆಯುತ್ತಾರೆ. ‘ಗುಡ್’ ಎಂದು ಬರೆದು ಸಹಿ ಹಾಕಿದ ಪುಟದಲ್ಲಿ ಕಾಯಿಲೆಯ ಸುಳಿವೇ ಇರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಒಂದು ದಿನದ ಹೋಂವರ್ಕಿಗೆ ಕೇವಲ ಮೂರು ಲೆಕ್ಕ: 586 − 243, 342 − 118, 503 − 267. ಮೊದಲನೆಯದರಲ್ಲಿ ಸಾಲವಿಲ್ಲ, ಎರಡನೆಯದರಲ್ಲಿ ಒಂದು ಸಾಲ, ಮೂರನೆಯದರಲ್ಲಿ ಸೊನ್ನೆಯ ಮೂಲಕ ಸಾಲ. 364ರ ಮಗು ಎರಡನೆಯದರಲ್ಲೇ ಸಿಕ್ಕಿಬೀಳುತ್ತದೆ, 224ರ ಬದಲು 236 ಬರೆಯುತ್ತದೆ. ಉಳಿದಿಬ್ಬರು ಎರಡನೆಯದನ್ನು ದಾಟಿ ಮೂರನೆಯದರಲ್ಲಿ ಎಡವುತ್ತಾರೆ. ಉತ್ತರಗಳನ್ನು ಚೀಟಿಯಲ್ಲಿ ಬರೆದು ತರಲಿ. ಬೆಳಿಗ್ಗೆ ಹಾಜರಿ ಮುಗಿದ ಮೇಲೆ ಚೀಟಿಗಳನ್ನು ಸರಿಯಾದವು, 364, 336, 146 ಎಂದು ವಿಂಗಡಿಸಿದರೆ ಅಂದಿನ ಪಾಠ ಯಾರಿಗೆ ಯಾವುದು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಯಾವ ಗುಂಪಿಗೂ ಸೇರದ ಚೀಟಿಗಳೂ ಬರುತ್ತವೆ. ಆ ಮಕ್ಕಳನ್ನು ಕರೆದು, ಲೆಕ್ಕವನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿಸಬೇಕು.

364ರವರಿಗೆ ಕಡ್ಡಿಯ ಕಟ್ಟು ಬೇಕು. ಎರಡು ಬಿಡಿ ಕಡ್ಡಿಗಳಿಂದ ಎಂಟನ್ನು ತೆಗೆಯಲಾಗದು ಎಂಬುದು ಕೈಗೆ ತಿಳಿಯಬೇಕು. ಉಳಿದೆರಡು ಗುಂಪಿಗೆ ಆಟದ ನೋಟುಗಳು ಸಾಕು. ಐದು ನೂರರ ನೋಟು, ಮೂರು ಒಂದು ರೂಪಾಯಿ ಕೊಟ್ಟು 267 ರೂಪಾಯಿ ಎಣಿಸಿಕೊಡಲು ಹೇಳಿ. ಚಿಲ್ಲರೆ ಇಲ್ಲ. ಒಂದು ನೂರನ್ನು ಮುರಿಸಿದರೆ ಹತ್ತರ ನೋಟು ಹತ್ತು ಬರುತ್ತವೆ, ಅವುಗಳಲ್ಲೊಂದನ್ನು ಮುರಿಸಿದರೆ ಬಿಡಿ ರೂಪಾಯಿ ಹತ್ತು. ಈಗ ಮೇಜಿನ ಮೇಲಿರುವುದು ನಾಲ್ಕು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ. ಸೊನ್ನೆ ಏಕೆ ಒಂಬತ್ತಾಯಿತು, ಐದು ಏಕೆ ನಾಲ್ಕಾಯಿತು ಎಂದು ಬೇರೆ ವಿವರಣೆ ಕೊಡಬೇಕಾಗಿಲ್ಲ.

ಮರುವಾರದಿಂದ ಲೆಕ್ಕಗಳನ್ನು ಬೆರೆಸಬೇಕು. ‘ಕಳೆಯಿರಿ’ ಎಂಬ ತಲೆಬರಹದಡಿ ಇರುವ ಲೆಕ್ಕದಲ್ಲಿ ಮಗು ಏನು ಮಾಡಬೇಕೆಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಬದಲಿಗೆ ಇಂಥದೊಂದು ಲೆಕ್ಕ ಕೊಡಬಹುದು: ಹಾಲಿನ ಡೇರಿಗೆ ಬೆಳಿಗ್ಗೆ 503 ಲೀಟರ್, ಸಂಜೆ 267 ಲೀಟರ್ ಬಂತು. ಬೆಳಿಗ್ಗೆ ಎಷ್ಟು ಹೆಚ್ಚು ಬಂತು? ‘ಹೆಚ್ಚು’ ಎಂಬ ಪದ ಕಂಡೊಡನೆ ಕೂಡಿ 770 ಎಂದು ಬರೆಯುವ ಮಕ್ಕಳು ಕಳೆಯುವ ಕ್ರಮವನ್ನು ಚೆನ್ನಾಗಿ ಬಲ್ಲವರೇ ಆಗಿರಬಹುದು. ಅವರಿಗೆ ಬೇಕಾದದ್ದು ಯಾವ ಲೆಕ್ಕ ಎಂದು ಆರಿಸುವ ಅಭ್ಯಾಸ.

ಬೆರೆಸಿದ ಅಭ್ಯಾಸಕ್ಕೆ ಗಟ್ಟಿಯಾದ ಪುರಾವೆ ಇದೆ. ಅಮೆರಿಕದ ಫ್ಲೋರಿಡಾದಲ್ಲಿ ಡೌಗ್ ರೋರರ್ ಮತ್ತು ಸಂಗಡಿಗರು ಏಳನೇ ತರಗತಿಯ 54 ವಿಭಾಗಗಳಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿಭಾಗಗಳಿಗೆ ಬೆರೆಸಿದ ಲೆಕ್ಕಗಳನ್ನೂ ಉಳಿದವುಗಳಿಗೆ ಒಂದೇ ಬಗೆಯವನ್ನೂ ನಾಲ್ಕು ತಿಂಗಳ ಕಾಲ ಆಗಾಗ ಕೊಟ್ಟರು. ಕೊನೆಯಲ್ಲಿ ಎರಡೂ ಗುಂಪಿಗೂ ಒಂದೇ ಪುನರಾವರ್ತನೆ. ಅದಾದ ಒಂದು ತಿಂಗಳಿಗೆ, ಮುನ್ಸೂಚನೆ ಇಲ್ಲದೆ ನಡೆಸಿದ ಪರೀಕ್ಷೆಯಲ್ಲಿ ಬೆರೆಸಿ ಅಭ್ಯಾಸ ಮಾಡಿದವರ ಸರಾಸರಿ ಶೇ. 61, ಉಳಿದವರದು ಶೇ. 38. ಅಲ್ಲಿನ ಮಕ್ಕಳು ನಮ್ಮವರಿಗಿಂತ ದೊಡ್ಡವರು, ಪಠ್ಯವೂ ಬೇರೆ; ಅಷ್ಟೇ ಅಂತರ ಇಲ್ಲೂ ಬರುತ್ತದೆ ಎಂದು ನಾನು ಹೇಳಲಾರೆ. ದಿಕ್ಕು ಮಾತ್ರ ಸ್ಪಷ್ಟ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಬೆರೆಸಿದ ಲೆಕ್ಕಗಳಲ್ಲಿ ಮೊದಮೊದಲು ಅಂಕಗಳು ಇಳಿಯುತ್ತವೆ. ರೋರರ್ ಅವರೇ ಕಾಲೇಜು ವಿದ್ಯಾರ್ಥಿಗಳೊಡನೆ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದವರು ಒಂದೇ ಬಗೆಯ ಲೆಕ್ಕ ಮಾಡಿದವರು. ವಾರದ ನಂತರದ ಪರೀಕ್ಷೆಯಲ್ಲಿ ಅವರೇ ಬಹಳ ಹಿಂದೆ ಬಿದ್ದರು. ಹಾಗಾಗಿ ಮೊದಲ ವಾರದ ಚೀಟಿ ನೋಡಿ ಕ್ರಮ ಕೈಬಿಡುವುದು ಸಲ್ಲದು. ಜೊತೆಗೆ, ಉತ್ತರ ತಪ್ಪೋ ಸರಿಯೋ ಎಂದು ಮರುದಿನವೇ ತಿಳಿಸಲಾಗದಿದ್ದರೆ ಈ ಏರ್ಪಾಡಿಗೆ ಅರ್ಥವಿಲ್ಲ. ಮಗ್ಗಿ, ಅಕ್ಷರದ ದುಂಡು ಇವಕ್ಕೆ ಪುನರಾವರ್ತನೆ ಬೇಕೇ ಬೇಕು. ಅವನ್ನು ನಾನು ಮುಟ್ಟುತ್ತಿಲ್ಲ. ಆದರೂ ಮಗ್ಗಿಯನ್ನು ನೋಡಿ ಬರೆಯುವುದಕ್ಕಿಂತ ಪುಸ್ತಕ ಮುಚ್ಚಿ, ಕ್ರಮ ತಪ್ಪಿಸಿ ಕೇಳುವುದು ಮೇಲು.

ಪೋಷಕರ ಆಕ್ಷೇಪ ಬಂದೇ ಬರುತ್ತದೆ. ನೋಟ್‌ಬುಕ್ ತುಂಬದಿದ್ದರೆ ಶಾಲೆಯಲ್ಲಿ ಏನೂ ಕಲಿಸುತ್ತಿಲ್ಲ ಎಂಬ ಮಾತು ಹೊಸದೇನಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿ ಮೂರರಿಂದ ಐದನೇ ತರಗತಿಯವರಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆಯ ಹೋಂವರ್ಕ್ ಎನ್ನುತ್ತದೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 20 ನಿಮಿಷ, ಅದೂ ಎಲ್ಲ ವಿಷಯಗಳಿಗೂ ಸೇರಿ. ಇಪ್ಪತ್ತು ಲೆಕ್ಕವೂ ಉಳಿದ ವಿಷಯಗಳ ಪ್ರಶ್ನೋತ್ತರವನ್ನು ಮೂರು ಸಲ ನಕಲು ಮಾಡುವುದೂ ಅಷ್ಟರಲ್ಲಿ ಹಿಡಿಯುವುದಿಲ್ಲ. ಮೂರು ಲೆಕ್ಕ ಹಿಡಿಯುತ್ತದೆ. ಪೋಷಕರ ಸಭೆಯಲ್ಲಿ ಆ ನಾಲ್ಕು ಬಗೆಯ ಚೀಟಿಗಳನ್ನು ಹೆಸರು ಮುಚ್ಚಿ ತೋರಿಸಿದರೆ ಉಳಿದದ್ದನ್ನು ಅವರೇ ಊಹಿಸಿಕೊಳ್ಳುತ್ತಾರೆ.

ನನ್ನ ಕೋರಿಕೆ ದೊಡ್ಡದಲ್ಲ. ನಾಲ್ಕನೇ ತರಗತಿಯ ಎರಡು ವಿಭಾಗಗಳಲ್ಲಿ ಒಂದರಲ್ಲಿ ಎಂಟು ವಾರ ಈ ಕ್ರಮ ನಡೆಯಲಿ, ಇನ್ನೊಂದರಲ್ಲಿ ಈಗಿನದೇ ಮುಂದುವರಿಯಲಿ. ಶುರುವಿಗೆ ಮುನ್ನ ಎರಡೂ ವಿಭಾಗಕ್ಕೆ ಒಂದೇ ಪರೀಕ್ಷೆ, ಮುಗಿದು ಒಂದು ತಿಂಗಳಿಗೆ ಹೇಳದೆ ಕೇಳದೆ ಮತ್ತೊಂದು. ಪ್ರಶ್ನೆಪತ್ರಿಕೆಯನ್ನು ಎರಡೂ ವಿಭಾಗಕ್ಕೆ ಪಾಠ ಮಾಡದ ಶಿಕ್ಷಕರು ತಯಾರಿಸಲಿ, ಮೌಲ್ಯಮಾಪನವನ್ನೂ ಅವರೇ ಮಾಡಲಿ. ಎರಡು ವಿಭಾಗಗಳ ಹೋಲಿಕೆಯಿಂದ ಎಲ್ಲವೂ ಸಾಬೀತಾಗದು, ಆದರೆ ಮುಂದುವರಿಯಬೇಕೇ ಎಂದು ನಿರ್ಧರಿಸಲು ಅಷ್ಟು ಸಾಕು. ಬರುವ ಶಿಕ್ಷಕರ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಂತಿ.