ಒಂದು ಕ್ವೇಲ್ ಮೊಟ್ಟೆ ಐದು ಕೋಳಿ ಮೊಟ್ಟೆಗೆ ಸಮವೇ? ಲೆಕ್ಕ ಹೇಳುವುದೇ ಬೇರೆ

‘ಒಂದು ಕ್ವೇಲ್ ಮೊಟ್ಟೆ ತಿಂದರೆ ಐದು ಕೋಳಿ ಮೊಟ್ಟೆ ತಿಂದಷ್ಟು ಶಕ್ತಿ’ ಎಂಬ ಮಾತನ್ನು ನೀವು ಕೇಳಿರಬಹುದು. ಇದನ್ನು ನಂಬಿ ಮಗುವಿಗೆ ಕೋಳಿ ಮೊಟ್ಟೆಯ ಬದಲು ಒಂದು ಕ್ವೇಲ್ ಮೊಟ್ಟೆ ಕೊಟ್ಟರೆ, ಮಗುವಿಗೆ ಸಿಗುವ ಪ್ರೋಟೀನ್ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಒಂದು ಮೊಟ್ಟೆಯಲ್ಲಿ ಎಷ್ಟು?

ಸಿಪ್ಪೆ ಬಿಟ್ಟು ತಿನ್ನುವ ಭಾಗದ ಅಂದಾಜು ಲೆಕ್ಕ ಇದು. ಗಾತ್ರಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ.

- ಕ್ವೇಲ್ (9 ಗ್ರಾಂ): ಪ್ರೋಟೀನ್ 1.2 ಗ್ರಾಂ, ಕೊಬ್ಬು 1 ಗ್ರಾಂ
- ನಾಟಿ ಕೋಳಿ (40 ಗ್ರಾಂ): ಪ್ರೋಟೀನ್ 5 ಗ್ರಾಂ, ಕೊಬ್ಬು 4 ಗ್ರಾಂ
- ಫಾರಂ ಕೋಳಿ (50 ಗ್ರಾಂ): ಪ್ರೋಟೀನ್ 6.3 ಗ್ರಾಂ, ಕೊಬ್ಬು 4.8 ಗ್ರಾಂ
- ಬಾತುಕೋಳಿ (70 ಗ್ರಾಂ): ಪ್ರೋಟೀನ್ 9 ಗ್ರಾಂ, ಕೊಬ್ಬು 9.6 ಗ್ರಾಂ

ಅಂದರೆ ಐದು ಕ್ವೇಲ್ ಮೊಟ್ಟೆ ಸೇರಿದರೆ ಒಂದು ಫಾರಂ ಮೊಟ್ಟೆಗೆ ಹತ್ತಿರ ಬರುತ್ತದೆ. ಮೆಸೇಜ್ ಹೇಳುವುದು ಸರಿಯಾಗಿ ತಿರುಗುಮುರುಗು!

ನೂರು ಗ್ರಾಂನಲ್ಲಿ ಎಷ್ಟು?

ಇಲ್ಲಿ ಪ್ರೋಟೀನ್‌ನ ವ್ಯತ್ಯಾಸ ಬಹುತೇಕ ಮಾಯವಾಗುತ್ತದೆ. ನಾಲ್ಕೂ ಬಗೆಯ ಮೊಟ್ಟೆಯಲ್ಲಿ ಅದು 12.5ರಿಂದ 13 ಗ್ರಾಂ ಆಸುಪಾಸಿನಲ್ಲೇ ಇರುತ್ತದೆ. ಬದಲಾಗುವುದು ಕೊಬ್ಬು: ಫಾರಂ ಮೊಟ್ಟೆಯಲ್ಲಿ 9.5 ಗ್ರಾಂ, ನಾಟಿಯಲ್ಲಿ ಸುಮಾರು 10, ಕ್ವೇಲ್‌ನಲ್ಲಿ 11, ಬಾತುಕೋಳಿಯದರಲ್ಲಿ ಸುಮಾರು 14 ಗ್ರಾಂ. ಮೊಟ್ಟೆಯ ಕೊಬ್ಬೆಲ್ಲ ಇರುವುದು ಹಳದಿ ಭಾಗದಲ್ಲಿ. ಬಿಳಿ ಭಾಗದಲ್ಲಿ ಇಲ್ಲವೆಂದೇ ಹೇಳಬಹುದು. ಬಾತುಕೋಳಿ ಮೊಟ್ಟೆಯಲ್ಲಿ ಹಳದಿಯ ಪಾಲು ದೊಡ್ಡದು, ಆದ್ದರಿಂದಲೇ ಅದು ಬಾಯಿಗೆ ಜಿಡ್ಡು ಜಿಡ್ಡಾಗಿ ಸಿಗುತ್ತದೆ. ನಾಟಿ ಮೊಟ್ಟೆಯ ಹಳದಿ ಕಡು ಬಣ್ಣಕ್ಕಿದ್ದರೆ ಅದು ಕೋಳಿ ಮೇಯ್ದ ಸೊಪ್ಪು, ಜೋಳದಿಂದ ಬಂದದ್ದು. ಆ ಬಣ್ಣ ನೋಡಿ ಪ್ರೋಟೀನ್ ಹೆಚ್ಚೆಂದು ತಿಳಿಯಬೇಡಿ.

ಗೊಂದಲ ಆಗುವುದು ಎಲ್ಲಿ?

ಕ್ವೇಲ್‌ಗೆ ನೂರು ಗ್ರಾಂ ಲೆಕ್ಕ, ಕೋಳಿಗೆ ಒಂದು ಮೊಟ್ಟೆಯ ಲೆಕ್ಕ ಹಾಕಿದರೆ ‘13 ಗ್ರಾಂ ಎಲ್ಲಿ, 6 ಗ್ರಾಂ ಎಲ್ಲಿ’ ಅನ್ನಿಸುತ್ತದೆ. ಆದರೆ ನೂರು ಗ್ರಾಂ ಆಗಲು ಹನ್ನೊಂದು ಕ್ವೇಲ್ ಮೊಟ್ಟೆ ಬೇಕು. ಫಾರಂ ಮೊಟ್ಟೆ ಎರಡೇ ಸಾಕು. ಇಂಥ ಪಟ್ಟಿ ಬಂದಾಗ ಎರಡೂ ಕಡೆ ಒಂದೇ ಅಳತೆ ಇದೆಯೇ ಎಂದು ಮೊದಲು ನೋಡಿ. ಅಳತೆಯನ್ನೇ ಬರೆದಿಲ್ಲವೆಂದರೆ ಆ ಹೋಲಿಕೆಗೆ ಬೆಲೆಯಿಲ್ಲ.

ಬೆಳಿಗ್ಗೆ ತಿಂಡಿಗೆ 12 ಗ್ರಾಂ ಪ್ರೋಟೀನ್ ಬೇಕೆಂದುಕೊಳ್ಳಿ. ಫಾರಂ ಮೊಟ್ಟೆ ಎರಡು, ನಾಟಿಯದಾದರೆ ಎರಡೂವರೆ, ಕ್ವೇಲ್‌ದಾದರೆ ಹತ್ತು ಬೇಕು. ಮೂರರಲ್ಲೂ ಕೊಬ್ಬು 10 ಗ್ರಾಂ ಹತ್ತಿರವೇ. ಬಾತುಕೋಳಿ ಮೊಟ್ಟೆ ಒಂದೂಕಾಲಿಗಿಂತ ತುಸು ಹೆಚ್ಚು ಸಾಕು, ಆದರೆ ಕೊಬ್ಬು 13 ಗ್ರಾಂ ಆಗುತ್ತದೆ. ಈಗ ನಿಮ್ಮೂರಿನ ಅಂಗಡಿಯ ದರದಲ್ಲಿ ಎರಡು ಫಾರಂ ಮೊಟ್ಟೆಗೆ ಎಷ್ಟು, ಹತ್ತು ಕ್ವೇಲ್ ಮೊಟ್ಟೆಗೆ ಎಷ್ಟು ಎಂದು ಕೂಡಿಸಿ ನೋಡಿ. ರುಚಿಗಾಗಿ ಯಾವುದನ್ನಾದರೂ ತಿನ್ನಿ. ಪ್ರೋಟೀನ್‌ಗಾಗಿ ಮಾತ್ರ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.